ಎಲ್ಲರೂ ಮನಸಾರೆ ಆಮೀನ್ ಹೇಳುವಂಥ ಮದುವೆ ಪದ್ಯ

ಶವ್ವಾಲ್ ತಿಂಗಳು ಬಂತೆಂದರೆ ನಮ್ಮ ಕಡೆ ಮದುವೆಗಳ ಸಾಲು ಶುರುವಾಗುತ್ತದೆ. ಹಾಲ್ ಬುಕ್ಕಿಂಗ್, ಕಾಗದ ಹಂಚುವುದು, ಬಿರಿಯಾನಿ ಭಟ್ಟರನ್ನು ಹಿಡಿಯುವುದು, ಇದೆಲ್ಲದರ ನಡುವೆ ನನ್ನಂಥ ಮದ್ರಸ ಉಸ್ತಾದರ ಬಳಿಗೆ ಒಂದು ಸಣ್ಣ ಬೇಡಿಕೆ ಬರುವುದುಂಟು. "ಉಸ್ತಾದ್, ಮದುಮಕ್ಕಳಿಗೆ ದುಆ ಮಾಡುವ ಒಂದು ಪದ್ಯ ಬರೆದು ಕೊಡಿ, ಕುಟುಂಬದವರೆಲ್ಲ ಸೇರಿ ಹೇಳುವ ಹಾಗೆ ಇರಲಿ." ಕೇಳುವಾಗ ಇದು ಹತ್ತು ನಿಮಿಷದ ಕೆಲಸ ಅನ್ನಿಸುತ್ತದೆ. ಆದರೆ ಬರೆದ ಪದ್ಯವನ್ನು ಐವತ್ತು ಮಂದಿ ಒಟ್ಟಿಗೆ ಹೇಳಬೇಕು, ಅದರ ಒಂದು ಮಾತಿನಿಂದಲೂ ಯಾರ ಮನಸ್ಸೂ ನೋಯಬಾರದು, ದೀನಿಗೂ ವಿರುದ್ಧ ಆಗಬಾರದು ಎಂದು ಕೂತಾಗ ಗೊತ್ತಾಗುತ್ತದೆ ಅದು ಎಷ್ಟು ಹೊತ್ತಿನ ಕೆಲಸ ಎಂದು.

ಸುಮಾರು 18 ವರ್ಷದ ಹಿಂದೆ ನಾನು ಮೊದಲ ಸಲ ಇಂಥದ್ದು ಬರೆದೆ. ನಮ್ಮ ಕುಟುಂಬದ್ದೇ ಒಂದು ಮದುವೆಗೆ. ಆಗ ಬಿಸಿರಕ್ತ. 14 ಪದ್ಯ ಬರೆದೆ. ಮದುಮಗಳ ಮುಖಕ್ಕೆ ಹುಣ್ಣಿಮೆ, ಮದುಮಗನ ನಡಿಗೆಗೆ ಸಿಂಹ, ಎರಡೂ ಕಡೆಯ ಹಿರಿಯರ ಹೆಸರು, ಊರಿನ ಹೆಸರು, ಎಲ್ಲವನ್ನೂ ತುಂಬಿಸಿದೆ. ಆಗ ಎಲ್ಲರ ಬಾಯಲ್ಲಿದ್ದ ಒಂದು ಸಿನಿಮಾ ಹಾಡಿನ ದಾಟಿಗೆ ಕೂರಿಸಿದೆ. ಮದುವೆ ದಿವಸ ಆದದ್ದೇನು? ಮೈಕ್ ಹಿಡಿದ ಇಬ್ಬರು ಮಕ್ಕಳು ಹಾಡಿದರು, ಉಳಿದವರು ಕಾಗದ ಹಿಡಿದು ಮನಸ್ಸಿನಲ್ಲೇ ಓದಿದರು. ಮೂರನೇ ಪದ್ಯಕ್ಕೆ ಬರುವಾಗ ಹಿಂದಿನ ಸಾಲಿನಲ್ಲಿ ಮಾತುಕತೆ ಶುರುವಾಗಿತ್ತು. ಏಳನೆಯದಕ್ಕೆ ಊಟದ ಬಾಗಿಲು ತೆರೆಯಿತು. ದಾಟಿ ಕೇಳಿದ ಪಡ್ಡೆ ಹುಡುಗರು ಒಂದು ಮೂಲೆಯಲ್ಲಿ ಸಿನಿಮಾದ ಮೂಲ ಹಾಡನ್ನೇ ಗುನುಗುತ್ತಿದ್ದರು. ನಾನು ಬರೆದದ್ದು ದುಆ ಆಗಿರಲಿಲ್ಲ, ಹೊಗಳಿಕೆ ಆಗಿತ್ತು. ಹೊಗಳಿಕೆಗೆ ಯಾರೂ ಆಮೀನ್ ಹೇಳುವುದಿಲ್ಲ.

ಅಂದಿನಿಂದ ನನ್ನ ಅಭಿಪ್ರಾಯ ಒಂದೇ. ಮದುವೆ ಪದ್ಯದ ಪ್ರತಿಯೊಂದು ಸಾಲಿಗೂ ಸಭೆಯಲ್ಲಿ ಕೂತ ಪ್ರತಿಯೊಬ್ಬರೂ ಮನಸಾರೆ ಆಮೀನ್ ಹೇಳುವಂತಿರಬೇಕು. ಹೇಳಲು ಆಗದ ಸಾಲು ಎಷ್ಟೇ ಚಂದ ಇರಲಿ, ಅದನ್ನು ತೆಗೆಯಬೇಕು. ಕಳೆದ ಶವ್ವಾಲಿನಲ್ಲಿ ಬರೆದುಕೊಟ್ಟ ಒಂದು ಪದ್ಯದ ಕಥೆ ಹೇಳಿದರೆ ಈ ಮಾತು ಸ್ಪಷ್ಟವಾದೀತು.

ಹುಡುಗಿ ನಮ್ಮ ಮಹಲ್ಲಿನವಳು, ಮನೆಯಲ್ಲಿ ಬ್ಯಾರಿ ಮಾತು. ಹುಡುಗ ಚಿಕ್ಕಮಗಳೂರು ಕಡೆಯವನು, ಅವರ ಮನೆಯಲ್ಲಿ ಉರ್ದು. ಹುಡುಗಿಯ ಬಾಪ ತೀರಿಹೋಗಿ ಎರಡು ವರ್ಷ ಆಗಿತ್ತು, ಅಣ್ಣನೇ ವಲಿ. ಸಂಜೆಯ ಕ್ಲಾಸ್ ಬಿಟ್ಟ ಮೇಲೆ ಆ ಅಣ್ಣ ಮದ್ರಸಕ್ಕೆ ಬಂದ. ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಪದ್ಯದಲ್ಲಿ ಏನೇನು ಬರಬೇಕು ಎಂದು ಪಟ್ಟಿ ಇತ್ತು. ಮದುಮಕ್ಕಳ ಹೆಸರು, ಹುಡುಗನಿಗೆ ದುಬೈಯಲ್ಲಿ ದೊಡ್ಡ ಕೆಲಸ ಎಂಬುದು, ಬೇಗ ಗಂಡು ಮಗು ಆಗಲಿ ಎಂಬುದು, ತೀರಿಹೋದ ಬಾಪನ ನೆನಪು. "ಬ್ಯಾರಿಯಲ್ಲೇ ಬರೀರಿ ಉಸ್ತಾದ್" ಅಂದ.

ಮೊದಲ ಪ್ರಶ್ನೆ ಭಾಷೆಯದ್ದು. ಬ್ಯಾರಿಯಲ್ಲಿ ಬರೆಯುವುದು ನನಗೂ ಇಷ್ಟ. ಎರಡೂ ಕಡೆಯವರು ಬ್ಯಾರಿಗಳಾಗಿದ್ದರೆ ನಾನು ಬೇರೆ ಯೋಚನೆಯನ್ನೇ ಮಾಡುತ್ತಿರಲಿಲ್ಲ. ಆದರೆ ಇಲ್ಲಿ ಅರ್ಧ ಸಭೆಗೆ ಬ್ಯಾರಿ ಬರುವುದಿಲ್ಲ, ಉಳಿದರ್ಧಕ್ಕೆ ಉರ್ದು ಸರಿಯಾಗಿ ಬಾರದು. ಹುಡುಗಿ ಬಿಟ್ಟು ಹೋಗುವ ಮನೆಯವರು ಮಾತ್ರ ಹಾಡಿ, ಹೋಗಿ ಸೇರುವ ಮನೆಯವರು ಸುಮ್ಮನೆ ಕೂತರೆ ಅದು ಒಟ್ಟಿಗೆ ಹೇಳಿದ ದುಆ ಹೇಗಾದೀತು? ಎರಡೂ ಕಡೆಯವರಿಗೆ ಓದಲು, ಹೇಳಲು ಬರುವ ಭಾಷೆ ಕನ್ನಡ. ಜೊತೆಗೆ ಎರಡೂ ಮನೆಯಲ್ಲಿ ದಿನಾ ಬಳಸುವ ಕೆಲವು ಅರಬಿ ಮಾತುಗಳುಂಟು, ರಬ್ಬ್, ಬರಕತ್, ರಹ್ಮತ್, ಖೈರ್, ಆಮೀನ್. ಕನ್ನಡದ ಸಾಲು, ಈ ಐದಾರು ಮಾತು, ಇಷ್ಟೇ ಸಾಕು ಅಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದ.

ಎರಡನೆಯದು ಏನು ಕೇಳಬೇಕು ಎಂಬುದು. ಇದಕ್ಕೆ ನಾವು ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮದುವೆಯಾದವರಿಗೆ ಪ್ರವಾದಿ ಮುಹಮ್ಮದ್(ಸ) ಮಾಡುತ್ತಿದ್ದ ದುಆ ಅಬೂಹುರೈರಾ(ರ)ರಿಂದ ವರದಿಯಾಗಿದ್ದು, ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ನಿಖಾಹ್ ಆದ ಕೂಡಲೇ ನಮ್ಮ ಖತೀಬರು ಅದನ್ನೇ ಹೇಳುತ್ತಾರೆ. ಅದರಲ್ಲಿ ಮೂರೇ ಬೇಡಿಕೆ. ನಿನಗೆ ಬರಕತ್ ಇರಲಿ, ನಿನ್ನ ಮೇಲೆ ಬರಕತ್ ಇಳಿಯಲಿ, ನಿಮ್ಮಿಬ್ಬರನ್ನು ಒಳಿತಿನಲ್ಲಿ ಅಲ್ಲಾಹು ಒಂದುಗೂಡಿಸಲಿ. ಅದರಲ್ಲಿ ಕೆಲಸದ ಮಾತಿಲ್ಲ, ಚಿನ್ನದ ಮಾತಿಲ್ಲ, ಮಕ್ಕಳ ಲೆಕ್ಕವೂ ಇಲ್ಲ.

ಮಕ್ಕಳ ಲೆಕ್ಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಇಸ್ಲಾಮಿಗೆ ಮೊದಲು ಅರಬರಲ್ಲಿ ಮದುವೆಗೆ ಹಾರೈಸುವ ಒಂದು ರೂಢಿಯ ಮಾತಿತ್ತು. ಹೊಂದಿಕೊಂಡು ಬಾಳಿ, ಗಂಡು ಮಕ್ಕಳಾಗಲಿ ಎಂಬುದು ಅದರ ಅರ್ಥ. ಅಲಿ(ರ)ಯವರ ಅಣ್ಣ ಅಕೀಲ್(ರ) ಮದುವೆಯಾದಾಗ ಜನ ಅದೇ ಮಾತು ಹೇಳಿದರು. ಅವರು ತಡೆದು, ಹಾಗೆ ಹೇಳಬೇಡಿ, ಪ್ರವಾದಿ(ಸ) ಹೇಳಿದಂತೆ ಬರಕತ್‌ಗಾಗಿ ದುಆ ಮಾಡಿ ಎಂದು ತಿದ್ದಿದರು. ನಸಾಈ ಮತ್ತು ಇಬ್ನುಮಾಜದಲ್ಲಿ ಇದು ಇದೆ. ನಾವು ಇಂದು ಕನ್ನಡದಲ್ಲಿ, ಬ್ಯಾರಿಯಲ್ಲಿ "ಬೇಗ ಗಂಡು ಮಗು ಆಗಲಿ" ಎಂದು ಬರೆದರೆ ಅವರು ತಿದ್ದಿದ ಮಾತನ್ನೇ ಮತ್ತೆ ಬರೆದ ಹಾಗಾಗುತ್ತದೆ. ಸಭೆಯನ್ನೂ ನೋಡಿ. ಮದುವೆಯಾಗಿ ಹತ್ತು ವರ್ಷ ಆಗಿಯೂ ಮಕ್ಕಳಿಲ್ಲದ ಒಬ್ಬಳು ಆ ಸಾಲಿನಲ್ಲಿ ಕೂತಿರುತ್ತಾಳೆ. ಮೂರು ಹೆಣ್ಣು ಮಕ್ಕಳ ತಾಯಿ ಕೂತಿರುತ್ತಾಳೆ. ಅವರ ಬಾಯಿಂದ ಆ ಸಾಲು ಹೇಗೆ ಹೊರಡಬೇಕು? ಸೂರಃ ಅಲ್‌ಫುರ್ಕಾನಿನ ಕೊನೆಯಲ್ಲಿ, 74ನೇ ಆಯತ್ತಿನಲ್ಲಿ, ನಮ್ಮ ಜೋಡಿಗಳಿಂದಲೂ ಸಂತತಿಯಿಂದಲೂ ನಮ್ಮ ಕಣ್ಣಿಗೆ ತಂಪು ಸಿಗುವಂತೆ ಮಾಡು ಎಂಬ ಅರ್ಥದ ದುಆ ಉಂಟು. ಕಣ್ಣಿನ ತಂಪು ಎಂಬ ಆ ಒಂದು ಮಾತಿನಲ್ಲಿ ಗಂಡ, ಹೆಂಡತಿ, ಮಗ, ಮಗಳು ಎಲ್ಲರೂ ಬರುತ್ತಾರೆ. ನಾನು ಅದನ್ನೇ ತೆಗೆದುಕೊಂಡೆ.

ದುಬೈಯ ಕೆಲಸದ ಸಾಲನ್ನೂ ಬಿಟ್ಟೆ. ಇದು ಹುಡುಗನ ಚಿಕ್ಕಪ್ಪನ ಆಸೆಯಂತೆ. ಕೆಲಸ ಇವತ್ತು ಉಂಟು, ನಾಳೆ ಇರಲಿಕ್ಕಿಲ್ಲ. ಕೊಲ್ಲಿಯಿಂದ ಬರಿಗೈಯಲ್ಲಿ ಬಂದವರು ನಮ್ಮ ಒಂದೊಂದು ಕುಟುಂಬದಲ್ಲೂ ಇದ್ದಾರೆ. ಅದರ ಬದಲು ಹಲಾಲು ಅನ್ನ ಕೊಡು ಎಂದು ಕೇಳಿದರೆ ದುಬೈಯಲ್ಲಿದ್ದರೂ ಆಯಿತು, ಊರಲ್ಲಿ ಮೀನು ಮಾರಿದರೂ ಆಯಿತು.

ಮಾತಿಗೆ ಮಿತಿ ಇಡುವುದು ನಮ್ಮ ದೀನಿನಲ್ಲಿ ಹೊಸದಲ್ಲ. ರುಬಯ್ಯಿಅ್(ರ) ಎಂಬ ಸಹಾಬಿ ಮಹಿಳೆಯ ಮದುವೆಯ ಸಂದರ್ಭವನ್ನು ಬುಖಾರಿಯಲ್ಲಿ ಓದಬಹುದು. ಹುಡುಗಿಯರು ದಫ್ ಬಾರಿಸುತ್ತಾ ಬದ್ರ್‌ನಲ್ಲಿ ಹುತಾತ್ಮರಾದ ಹಿರಿಯರನ್ನು ನೆನೆದು ಹಾಡುತ್ತಿದ್ದರು. ಪ್ರವಾದಿ(ಸ) ಅಲ್ಲಿಯೇ ಕೂತಿದ್ದರು, ತಡೆಯಲಿಲ್ಲ. ಆದರೆ ಒಬ್ಬಳು, ನಾಳೆ ಏನಾಗುವುದೆಂದು ತಿಳಿದ ಪ್ರವಾದಿ ನಮ್ಮಲ್ಲಿದ್ದಾರೆ ಎಂಬರ್ಥದ ಸಾಲು ಸೇರಿಸಿದಾಗ, ಅದನ್ನು ಬಿಡು, ಮೊದಲು ಹೇಳುತ್ತಿದ್ದುದನ್ನೇ ಹೇಳು ಅಂದರು. ಹಾಡನ್ನು ನಿಲ್ಲಿಸಲಿಲ್ಲ, ಮಿತಿ ಮೀರಿದ ಒಂದು ಸಾಲನ್ನು ಮಾತ್ರ ತೆಗೆಸಿದರು. ಪದ್ಯ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಡ. ಅಲ್ಲಿ ಮದುವೆಯ ದಿವಸವೇ ಅಗಲಿದ ಹಿರಿಯರನ್ನು ನೆನೆದದ್ದನ್ನೂ ಗಮನಿಸಿ. ಅದರ ಮಾತು ಮುಂದೆ ಬರುತ್ತದೆ.

ಇನ್ನು ಕಟ್ಟುವ ಕೆಲಸ. ಶಾಲೆಯಲ್ಲಿ ಲಘು, ಗುರು, ಪ್ರಸ್ತಾರ ಎಂದು ಕಲಿತದ್ದು ನೆನಪಿರಬಹುದು. ಪಿಯುಸಿಯಲ್ಲಿ ಅದು ಯಾಕೆ ಎಂದು ನನಗೂ ಗೊತ್ತಾಗಿರಲಿಲ್ಲ. ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆ ಇರುವುದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು ಮಾತ್ರೆ. ತೊಡೆಯ ಮೇಲೆ ಕೈ ತಟ್ಟುತ್ತಾ, ಒಂದು ತಟ್ಟಿಗೆ ನಾಲ್ಕು ಮಾತ್ರೆ ಎಂದು ಲೆಕ್ಕ ಇಟ್ಟುಕೊಂಡೆ. ಒಂದು ಸಾಲಿಗೆ ನಾಲ್ಕು ತಟ್ಟು. ಮೊದಲ ಮೂರು ತಟ್ಟಿನಲ್ಲಿ ಬೇಡಿಕೆ, ನಾಲ್ಕನೆಯ ತಟ್ಟಿನಲ್ಲಿ ಎಲ್ಲರೂ ಸೇರಿ "ಆಮೀನ್". ಆ ಎರಡು, ಮೀನ್ ಎರಡು, ಸರಿಯಾಗಿ ನಾಲ್ಕು. ಓದು ಬಾರದ ಅಜ್ಜಿಯೂ, ಅಕ್ಷರ ಕಲಿಯದ ಮಗುವೂ, ಕನ್ನಡಕ ಮರೆತು ಬಂದ ಮಾವನೂ ನಾಲ್ಕನೆಯ ತಟ್ಟಿಗೆ ಸೇರಬಹುದು. ಹೇಳಿಕೊಡುವವರು ಒಬ್ಬರಿದ್ದರೆ ಸಾಕು.

ಇಲ್ಲಿ ಒಂದು ಎಚ್ಚರ ಬೇಕು. ಮಾತ್ರೆ ಸರಿಯಾದರೆ ಸಾಲದು, ಪ್ರತಿ ತಟ್ಟಿನಲ್ಲೂ ಹೊಸ ಪದ ಶುರುವಾಗಬೇಕು. ನಾನು ಮೊದಲು "ಒಡೆಯನೆ ನೀಡು ಬರಕತ್ತು" ಎಂದು ಬರೆದಿದ್ದೆ. ಲೆಕ್ಕದಲ್ಲಿ 12 ಮಾತ್ರೆ ಸರಿ ಉಂಟು. ಆದರೆ ತಟ್ಟಿ ನೋಡಿದರೆ ಎರಡನೆಯ ತಟ್ಟು "ನೀಡುಬ" ಆಗುತ್ತದೆ, ಮೂರನೆಯದು "ರಕತ್ತು" ಆಗುತ್ತದೆ. ಒಬ್ಬನೇ ಹಾಡುವಾಗ ಅದನ್ನು ಸರಿದೂಗಿಸಿಕೊಂಡು ಹೋಗಬಹುದು. ಐವತ್ತು ಮಂದಿ ಹೇಳುವಾಗ ಅರ್ಧ ಜನ ಪದ ಶುರುವಾಗುವಲ್ಲಿ ಒತ್ತು ಕೊಡುತ್ತಾರೆ, ಅರ್ಧ ಜನ ತಟ್ಟಿನ ಮೇಲೆ ಕೊಡುತ್ತಾರೆ, ಸಾಲು ಒಡೆಯುತ್ತದೆ. ಅದನ್ನು "ಬರಕತ್ ನೀಡೋ ರಬ್ಬೇ" ಎಂದು ಬದಲಿಸಿದೆ. ಈಗ ಒಂದೊಂದು ಪದಕ್ಕೆ ಒಂದೊಂದು ತಟ್ಟು. "ನೀಡು" ಎಂದರೆ ಮೂರು ಮಾತ್ರೆ, ಅದಕ್ಕೆ "ನೀಡೋ" ಎಂದು ಎಳೆದದ್ದು. ಒಡೆಯನಿಗೆ ನೀಡೋ ಅನ್ನುವುದಾ ಎಂದು ಒಬ್ಬರು ಕೇಳಿದರು. ದುಆದಲ್ಲಿ ನಾವು ಅಲ್ಲಾಹುವನ್ನು ನೀನು ಎಂದೇ ಕರೆಯುವುದಲ್ಲವಾ? ಅವನು ಏಕನು. ಅದರಲ್ಲಿ ಸಲುಗೆಯುಂಟು, ಅಗೌರವ ಇಲ್ಲ.

ಅರಬಿ ಪದಗಳನ್ನು ಆರಿಸುವಾಗ ಇನ್ನೊಂದು ವಿಷಯ ಗೊತ್ತಾಯಿತು. ನಾವು "ಬರಕತ್" ಅಂದರೆ ಹುಡುಗನ ಕಡೆಯವರು "ಬರ್ಕತ್" ಅನ್ನುತ್ತಾರೆ. ನಾವು "ರಹ್ಮತ್" ಅಂದರೆ ಕೆಲವರು "ರಹಮತ್" ಅನ್ನುತ್ತಾರೆ. ಎಣಿಸಿ ನೋಡಿದರೆ ಯಾವ ಬಗೆಯಲ್ಲಿ ಹೇಳಿದರೂ ನಾಲ್ಕೇ ಮಾತ್ರೆ. ಎರಡು ಊರಿನ ನಾಲಿಗೆಯೂ ಅಲ್ಲಿ ಒಂದೇ ತಟ್ಟಿನಲ್ಲಿ ಮುಗಿಯುತ್ತದೆ. "ಮಗ್ಫಿರತ್" ಎಂಬ ಪದ ನನಗೆ ಬೇಕಾಗಿತ್ತು, ಆದರೆ ಅದು ಐದು ಮಾತ್ರೆ. ಹೇಳಿಸಿ ನೋಡಿದೆ, ಮೂವರು ಮೂರು ರೀತಿ ಎಳೆದರು. ಬಿಟ್ಟೆ.

ಹೆಸರು ಕೂರಿಸುವಲ್ಲಿ ಹೆಚ್ಚಿನವರು ಎಡವುತ್ತಾರೆ. ಈ ಜೋಡಿಯ ನಿಜ ಹೆಸರು ಇಲ್ಲಿ ಬೇಡ, ನಮ್ಮಲ್ಲಿ ಮನೆಮನೆಯಲ್ಲಿ ಇರುವ ಎರಡು ಹೆಸರು ತೆಗೆದುಕೊಳ್ಳೋಣ. ಸಫಿಯಾ ನಾಲ್ಕು ಮಾತ್ರೆ, ಒಂದು ತಟ್ಟಿಗೆ ಸರಿ. ಅಬ್ದುರ್ರಹ್ಮಾನ್ ಎಂಟು ಮಾತ್ರೆ, ಎರಡು ತಟ್ಟು ಬೇಕು. ಜಾಗ ಸಾಲದೆಂದು ಕೆಲವರು "ಅಬ್ದು" ತೆಗೆದು "ರಹ್ಮಾನ್" ಎಂದು ಬರೆದುಬಿಡುತ್ತಾರೆ. ಅದು ಮಾಡಬಾರದ ಕೆಲಸ. ರಹ್ಮಾನ್ ಅಲ್ಲಾಹುವಿನ ಹೆಸರು, ಮದುಮಗ ಆ ರಹ್ಮಾನನ ದಾಸ. ದುಆದ ಪದ್ಯದಲ್ಲೇ ದಾಸ ಎಂಬ ಮಾತನ್ನು ಕತ್ತರಿಸಿದರೆ ಯಾರಿಗೆ ದುಆ, ಯಾರಲ್ಲಿ ದುಆ ಎಂಬುದೇ ಕಲಸಿಹೋಗುತ್ತದೆ. ಪೂರ್ತಿ ಹೆಸರು ಕೂರದಿದ್ದರೆ ಹೆಸರನ್ನೇ ಬಿಡಿ, ಇಬ್ಬರು ಎನ್ನಿ, ಮಕ್ಕಳು ಎನ್ನಿ. ಇಲ್ಲಿ ಅದೃಷ್ಟಕ್ಕೆ ಎಂಟು ಮತ್ತು ನಾಲ್ಕು ಸೇರಿ ಹನ್ನೆರಡಾಯಿತು, ಒಂದು ಸಾಲು ಪೂರ್ತಿ ಹೆಸರಿಗೇ ಸಿಕ್ಕಿತು. ಬರೀ ಹೆಸರಿಗೆ ಆಮೀನ್ ಹೇಳಿದರೆ ಅರ್ಥವಿಲ್ಲ, ಅದಕ್ಕೆ ಆ ಒಂದು ಸಾಲಿನ ಕೊನೆಯಲ್ಲಿ ಮಾತ್ರ ಎಲ್ಲರೂ "ರಬ್ಬೇ" ಅನ್ನುವುದು ಎಂದು ಇಟ್ಟೆ.

ಕಡೆಗೆ ಉಳಿದದ್ದು ತೀರಿಹೋದ ಬಾಪನ ಮಾತು. ನಾನು "ಬಾಪನ ಕಬರಿಗೆ ರಹ್ಮತ್" ಎಂದು ಬರೆದೆ. ಮಾತ್ರೆ ಸರಿ, ತಟ್ಟು ಸರಿ, ದುಆವೂ ಸರಿ. ಆದರೂ ಕಳಿಸುವ ಮೊದಲು ಆ ಹುಡುಗನಿಗೆ ಹೇಳಿದೆ, "ಇದನ್ನು ನಿನ್ನ ಉಮ್ಮನಿಗೆ ಓದಿ ಹೇಳು. ಅವರು ಹೂಂ ಅಂದರೆ ಮಾತ್ರ ಇರಲಿ." ಮರುದಿನ ಬಂದ.

"ಉಮ್ಮ ಕೇಳಿ ತುಂಬ ಹೊತ್ತು ಮಾತಾಡಲಿಲ್ಲ ಉಸ್ತಾದ್. ಆಮೇಲೆ ಹೇಳಿದ್ರು, ಆ ಸಾಲು ಬರುವಾಗ ಮೋಳು ನಿಲ್ಲುವುದಿಲ್ಲ, ನನ್ನ ಕೈಯಲ್ಲೂ ಆಗುವುದಿಲ್ಲ ಅಂತ."

"ಹಾಗಾದರೆ ತೆಗೆಯುವಾ."

"ಬೇಡ, ತೆಗೀಬಾರದಂತೆ. ಬಾಪ ಇಲ್ಲದ ಹಾಗೆ ಮಾಡಬಾರದಂತೆ. ಕಬರ್ ಅಂತ ಮಾತ್ರ ಬೇಡ ಅಂದ್ರು."

ಆ ರಾತ್ರಿ ಇಶಾ ಆದ ಮೇಲೆ ಕೂತು ಎರಡು ಸಾಲು ಮಾಡಿದೆ. ಒಂದು ಸಾಕಿದ ಕೈಗೆ, ಒಂದು ಕಾಣದ ಕೈಗೆ. ಬಾಪ ಎಂಬ ಪದವೇ ಇಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರು ತಮ್ಮ ತಮ್ಮ ಮನೆಯಿಂದ ಅಗಲಿದವರನ್ನು ನೆನೆದು ಆಮೀನ್ ಹೇಳುತ್ತಾರೆ. ಪೂರ್ತಿ ಪದ್ಯ ಹೀಗಾಯಿತು:

ಬರಕತ್ ನೀಡೋ ರಬ್ಬೇ – ಆಮೀನ್
ಮನೆಯಲಿ ನೆಮ್ಮದಿ ತುಂಬೋ – ಆಮೀನ್
ಕೋಪವ ತಣ್ಣಗೆ ಮಾಡೋ – ಆಮೀನ್
ಖೈರಲಿ ಇಬ್ಬರ ಸೇರಿಸೊ – ಆಮೀನ್

ಅಬ್ದುರ್ರಹ್ಮಾನ್ ಸಫಿಯಾ – ರಬ್ಬೇ
ಇಬ್ಬರ ಬಾಳನು ಬೆಳಗೋ – ಆಮೀನ್
ಹಲಾಲು ಅನ್ನವ ನೀಡೋ – ಆಮೀನ್
ಕಣ್ಣಿಗೆ ತಂಪನು ನೀಡೋ – ಆಮೀನ್

ಸಾಕಿದ ಕೈಗೂ ರಹ್ಮತ್ – ಆಮೀನ್
ಕಾಣದ ಕೈಗೂ ರಹ್ಮತ್ – ಆಮೀನ್
ಎರಡೂ ಮನೆಗೂ ಬರಕತ್ – ಆಮೀನ್
ಕೂಡಿದ ಮಂದಿಗೆ ಬರಕತ್ – ಆಮೀನ್

ಇದರಲ್ಲಿ ದೊಡ್ಡ ಕವಿತ್ವ ಇಲ್ಲ ಎಂದು ನನಗೂ ಗೊತ್ತು. ಮಾಪಿಳ್ಳಪಾಟ್ಟಿನ ಹಿರಿಯ ಕವಿಗಳು ಕಂಬಿ, ಕಳುತ್ತ್, ವಾಲ್‌ಕಂಬಿ ಎಂದು ಸಾಲಿನ ಮೊದಲಿಗೊಂದು, ಎರಡನೆಯ ಅಕ್ಷರಕ್ಕೊಂದು, ಕೊನೆಗೊಂದು ಪ್ರಾಸದ ನಿಯಮ ಇಟ್ಟುಕೊಂಡು ಬರೆದರು. ಅದನ್ನು ಹಾಡಲು ಪಳಗಿದ ಗಂಟಲು ಬೇಕು. ಬೆಳಿಗ್ಗೆ ಕಾಗದ ಕೈಗೆ ಸಿಕ್ಕಿ ಮಧ್ಯಾಹ್ನ ಹೇಳಬೇಕಾದ ನೆಂಟರಿಷ್ಟರಿಗೆ ಕೊನೆಯ ಪ್ರಾಸ ಒಂದಿದ್ದರೆ ಸಾಕು. ಇಲ್ಲಿ ಆಮೀನ್ ಎಂಬುದೇ ಆ ಪ್ರಾಸ. "ನೀಡೋ" ಮೂರು ಸಲ ಬಂದದ್ದು, ಕೊನೆಯ ಪದ್ಯದಲ್ಲಿ ಒಂದೇ ಮಾತು ಎರಡೆರಡು ಸಲ ಬಂದದ್ದು ಬೇಕೆಂದೇ ಮಾಡಿದ್ದು. ಮೊದಲ ಸಾಲು ಕೇಳಿದವನು ಎರಡನೆಯದನ್ನು ಕಾಗದ ನೋಡದೆ ಹೇಳುತ್ತಾನೆ.

ಸಾಲು 12, ತಟ್ಟು 48. ಸೆಕೆಂಡಿಗೆ ಒಂದು ತಟ್ಟು ಎಂದು ಹಿಡಿದರೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಪ್ರತಿ ಸಾಲನ್ನು ಒಬ್ಬರು ಹೇಳಿಕೊಟ್ಟು ಎಲ್ಲರೂ ತಿರುಗಿ ಹೇಳಿದರೂ ಎರಡು ನಿಮಿಷ ದಾಟುವುದಿಲ್ಲ. ಇದಕ್ಕಿಂತ ಉದ್ದ ಆದರೆ ಊಟದ ಕಡೆಗೆ ಕಣ್ಣು ಹೋಗುತ್ತದೆ.

ಬರೆದ ಮೇಲೆ ಪರೀಕ್ಷೆ ಮಾಡಬೇಕು. ನಾನು ಮದ್ರಸದ ಆರನೇ ತರಗತಿಯ ನಾಲ್ಕು ಮಕ್ಕಳ ಕೈಗೆ ಕಾಗದ ಕೊಟ್ಟೆ. ದಾಟಿ ಹೇಳಿಕೊಡಲಿಲ್ಲ, ತೊಡೆಯ ಮೇಲೆ ತಟ್ಟುತ್ತಾ ಓದಿ ಎಂದಷ್ಟೇ ಹೇಳಿದೆ. ಅವರು ಎಲ್ಲಿ ತಡವರಿಸಿದರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ. ತಪ್ಪು ಅವರದ್ದಲ್ಲ, ಸಾಲಿನದ್ದು. ಎರಡು ಕಡೆ ಗುರುತು ಬಿತ್ತು. "ಸೇರಿಸು" ಎಂದು ಬರೆದದ್ದನ್ನು ಉಳಿದ ಸಾಲುಗಳ ಹಾಗೆ ಒ ಕಾರಕ್ಕೆ ತಿರುಗಿಸಿದೆ. "ಹಲಾಲು" ಎಂಬಲ್ಲಿ ದೀರ್ಘ ನಡುವೆ ಬರುವುದರಿಂದ ಸ್ವಲ್ಪ ಕುಂಟುತ್ತದೆ. ಅದನ್ನು ಬದಲಿಸಲು ಮನಸ್ಸು ಬರಲಿಲ್ಲ, ಆ ಮಾತು ಅಲ್ಲಿ ಇರಲೇಬೇಕಿತ್ತು. ಎರಡು ಸಲ ಹೇಳಿಸಿದ ಮೇಲೆ ಸರಿಯಾಯಿತು.

ದಾಟಿಗೆ ಸಿನಿಮಾ ಹಾಡಾಗಲಿ, ಮೊಬೈಲಿನ ಕರೋಕೆ ಟ್ರ್ಯಾಕ್ ಆಗಲಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ವಾದ್ಯದ ಮಸ್ಅಲ ಒಂದು ಕಡೆ ಇರಲಿ, ಅದನ್ನು ನಿಮ್ಮ ಮಹಲ್ಲಿನ ಖತೀಬರಲ್ಲಿ ಕೇಳಿಕೊಳ್ಳಿ. ಟ್ರ್ಯಾಕಿನ ಶ್ರುತಿ ಸಿನಿಮಾ ಗಾಯಕರ ಗಂಟಲಿಗೆ ಇಟ್ಟದ್ದು, ನಮ್ಮ ಅಜ್ಜಿಯಂದಿರಿಗೆ ಅದು ಎತ್ತರ. ಅದು ಯಾರಿಗೂ ಕಾಯುವುದಿಲ್ಲ, ಒಬ್ಬರು ತಪ್ಪಿದರೆ ಮುಂದೆ ಹೋಗಿಬಿಡುತ್ತದೆ. ದಾಟಿಯ ಜೊತೆ ಹಳೆಯ ಮಾತುಗಳೂ ಬರುತ್ತವೆ, ಅದನ್ನು ನಾನು ಅನುಭವಿಸಿದ್ದೇನೆ. ತೊಟ್ಟಿಲು ತೂಗುವಾಗಿನ ಎರಡು ಮೂರು ಸ್ವರದ ದಾಟಿ ಸಾಕು. ಹೇಳಿಕೊಡುವವರು ತಗ್ಗಿನಲ್ಲಿ ಶುರು ಮಾಡಬೇಕು, ಜನ ಸೇರಿದ ಹಾಗೆ ಸ್ವರ ತನ್ನಷ್ಟಕ್ಕೆ ಏರುತ್ತದೆ. ಮೈಕ್ ಕೂಡ ಬೇಡ. ಮೈಕ್ ಬಂದರೆ ಅದು ಮೈಕ್ ಹಿಡಿದವರ ಹಾಡಾಗುತ್ತದೆ, ಉಳಿದವರು ಕೇಳುಗರಾಗುತ್ತಾರೆ.

ಯಾವಾಗ ಹೇಳಬೇಕು ಎಂಬುದೂ ಮುಖ್ಯ. ಖುತ್ಬಾ, ಈಜಾಬ್, ಖಬೂಲ್, ನಂತರದ ದುಆ, ಇವುಗಳ ನಡುವೆ ಪದ್ಯ ತೂರಿಸಬಾರದು. ನಿಖಾಹಿನ ಅಂಗ ಅದಲ್ಲ. ಎಲ್ಲ ಮುಗಿದು, ಹುಡುಗನ ಕಡೆಯ ಹೆಂಗಸರು ಮದುಮಗಳನ್ನು ನೋಡಲು ಒಳಗೆ ಬಂದು ಕೂತಾಗ, ಊಟಕ್ಕೆ ಏಳುವ ಮೊದಲು ಹೇಳಿದರೆ ಚಂದ. ಹೆಂಗಸರು ತಮ್ಮ ಕಡೆ, ಗಂಡಸರು ತಮ್ಮ ಕಡೆ.

ಆ ಮದುವೆಯಲ್ಲಿ ದೊಡ್ಡ ಅಕ್ಷರದಲ್ಲಿ ಒಂದೇ ಪುಟದಲ್ಲಿ ಮುದ್ರಿಸಿ 60 ಪ್ರತಿ ಹಂಚಿದ್ದರು. ನಾನು ಗಂಡಸರ ಕಡೆ ಕೂತಿದ್ದೆ. ಪರದೆಯ ಆಚೆಯಿಂದ ಮೊದಲು ಒಂದು ತೆಳು ಸ್ವರ ಬಂತು, ಹುಡುಗಿಯ ಚಿಕ್ಕಮ್ಮನದ್ದಂತೆ. ಮೊದಲ ಆಮೀನ್ ಸಣ್ಣದಾಗಿತ್ತು. ಮೂರನೆಯದಕ್ಕೆ ದೊಡ್ಡದಾಯಿತು. ನಮ್ಮ ಕಡೆ ಹುಡುಗನ ಚಿಕ್ಕಪ್ಪ, ದುಬೈ ಸಾಲು ಬೇಕೆಂದಿದ್ದ ಅದೇ ಯಜಮಾನರು, ಕಾಗದ ದೂರ ಹಿಡಿದು ಓದುತ್ತಾ ನಮ್ಮೊಟ್ಟಿಗೆ ಸೇರಿದರು. ಕಾಣದ ಕೈಯ ಸಾಲು ಬಂದಾಗ ಹೇಳಿಕೊಡುವ ಸ್ವರ ನಿಂತುಹೋಯಿತು. ಚಿಕ್ಕಮ್ಮನ ಗಂಟಲು ಕಟ್ಟಿರಬೇಕು. ಒಂದು ತಟ್ಟಿನಷ್ಟು ಹೊತ್ತು ಮೌನ. ಆಮೇಲೆ ಹುಡುಗನ ಕಡೆಯ ಒಬ್ಬ ಹೆಂಗಸು, ಉರ್ದುವಿನ ಎಳೆತ ಇರುವ ಕನ್ನಡದಲ್ಲಿ, ಆ ಸಾಲನ್ನು ಎತ್ತಿಕೊಂಡು ಪೂರ್ತಿ ಮಾಡಿದರು. ಎರಡೂ ಕಡೆಯಿಂದ ಆಮೀನ್ ಬಂತು.

ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿಯ ಅಣ್ಣ ತಲೆ ತಗ್ಗಿಸಿದ್ದ. ನಾನೂ ಅವನ ಮುಖ ನೋಡಲು ಹೋಗಲಿಲ್ಲ.

ಈ ಸೀಸನ್ನಿನಲ್ಲಿ ನಿಮ್ಮ ಮನೆಯಲ್ಲಿ ಮದುವೆ ಇದ್ದರೆ, ಪದ್ಯ ಬರೆಸಲು ಹೊರಟಾಗ ಬರೆಯುವವರ ಕೈಗೆ ಪಟ್ಟಿ ಕೊಡುವ ಮೊದಲು ಆ ಸಭೆಯಲ್ಲಿ ಯಾರು ಯಾರು ಕೂರುತ್ತಾರೆ ಎಂದು ಒಮ್ಮೆ ನೆನೆಯಿರಿ. ಪ್ರತಿ ಸಾಲನ್ನು ಅವರೊಬ್ಬೊಬ್ಬರ ಬಾಯಲ್ಲಿ ಇಟ್ಟು ನೋಡಿ. ಆಮೀನ್ ಬರುತ್ತದಾದರೆ ಇರಲಿ, ಇಲ್ಲದಿದ್ದರೆ ಆ ಸಾಲು ಹೋಗಲಿ. ಹೊಸದಾಗಿ ಬಾಳು ಕಟ್ಟುವ ಎಲ್ಲ ಮಕ್ಕಳಿಗೂ ಅಲ್ಲಾಹು ಬರಕತ್ ನೀಡಲಿ, ಆಮೀನ್.